ಊರಿಗೆ ಪಬ್ಲಿಕ್ ಹಿಯರಿಂಗ್ ನೋಟಿಸ್ ಬಂದ್ರೆ ಏನ್ ಮಾಡ್ಬೇಕು: ಪಂಚಾಯ್ತಿ ನೋಟಿಸ್ ಬೋರ್ಡಿಂದ ಎನ್‌ಜಿಟಿ ತನಕ

ನಮ್ಮ ಕಡೆ ಕಲ್ಲು ಗಣಿ ಕ್ಲಸ್ಟರ್ ಒಂದಕ್ಕೆ ಪರಿಸರ ಅನುಮತಿ ಕೊಡೋ ಮುಂಚೆ ಸಾರ್ವಜನಿಕ ಆಲಿಕೆ ಸಭೆ ಅಂತ ಮಾಡಿದ್ರು, ಹೈಸ್ಕೂಲ್ ಫೀಲ್ಡಲ್ಲಿ ಶಾಮಿಯಾನ, ಮುಂದಿನ ಸಾಲಲ್ಲಿ ಸೋಫಾ, ಹಿಂದೆ ಪ್ಲಾಸ್ಟಿಕ್ ಕುರ್ಚಿ. ಒಬ್ಬರು ಅಜ್ಜಿ ಮೈಕ್ ಹಿಡ್ಕೊಂಡು ಹತ್ತು ನಿಮಿಷ ಮಾತಾಡಿದ್ರು, ಬ್ಲಾಸ್ಟಿಂಗ್ ಶುರುವಾದ ಮೇಲೆ ತಮ್ಮ ಬೋರಲ್ಲಿ ನೀರು ಕೆಂಪಗೆ ಬರ್ತಿದೆ, ಮೊದ್ಲು ಎರಡೂವರೆ ಇಂಚು ಬರ್ತಿತ್ತು ಈಗ ಒಂದಿಂಚೂ ಇಲ್ಲ, ಯಾವ ಸರ್ವೆ ನಂಬರ್, ಯಾವ ವರ್ಷ ಕೊರೆಸಿದ್ದು, ಎಷ್ಟು ಅಡಿ, ಎಲ್ಲಾ ಹೇಳಿದ್ರು. ಊರಿನವ್ರೆಲ್ಲಾ ಚಪ್ಪಾಳೆ ಹೊಡೆದ್ರು. ಎರಡು ತಿಂಗಳು ಬಿಟ್ಟು ನಡಾವಳಿ ಕಾಪಿ ಕೈಗೆ ಸಿಕ್ಕಾಗ ನೋಡಿದ್ರೆ ಆ ಹತ್ತು ನಿಮಿಷಕ್ಕೆ ಇದ್ದಿದ್ದು ಒಂದೇ ಸಾಲು, "ಗ್ರಾಮಸ್ಥರೊಬ್ಬರು ಕುಡಿಯುವ ನೀರಿನ ಬಗ್ಗೆ ಪ್ರಶ್ನಿಸಿದರು, ಸೂಕ್ತ ಕ್ರಮ ಕೈಗೊಳ್ಳುವುದಾಗಿ ತಿಳಿಸಲಾಯಿತು". ಅಷ್ಟೇ.

ಅವತ್ತು ನನಗೆ ಗೊತ್ತಾಗಿದ್ದೇನಂದ್ರೆ, ಆ ಸಭೆ ನಡೆಯೋದು ಮೈದಾನದಲ್ಲಾದ್ರೂ ಅದರ ತೀರ್ಮಾನ ಆಗೋದು ಫೈಲಲ್ಲಿ. ಮುಂದೆ ಎಕ್ಸ್‌ಪರ್ಟ್ ಕಮಿಟಿ ನೋಡೋದೂ ಫೈಲೇ, ಎನ್‌ಜಿಟಿ ಅಂದ್ರೆ ರಾಷ್ಟ್ರೀಯ ಹಸಿರು ಟ್ರಿಬ್ಯೂನಲ್ ನೋಡೋದೂ ಫೈಲೇ. "ಈ ಗಣಿ ಬೇಕಾ ಬೇಡ್ವಾ" ಅಂತ ಕೋರ್ಟು ಕೇಳಲ್ಲ, "ಹೇಳಿದ ಹೆಜ್ಜೆಗಳನ್ನ ಸರಿಯಾಗಿ ಇಟ್ರಾ, ಮುಚ್ಚಿಟ್ಟಿದ್ದೇನಾದ್ರೂ ಇದ್ಯಾ, ಒಪ್ಪಿಗೆ ಕೊಟ್ಟೋರು ಕಾರಣ ಬರೆದಿದಾರಾ" ಅಂತ ಕೇಳತ್ತೆ. ಹಂಗಾಗಿ ನಾವು ಮೊದ್ಲಿಂದ್ಲೂ ಆ ಪ್ರಶ್ನೆಗಳನ್ನ ತಲೇಲಿಟ್ಕೊಂಡೇ ಪೇಪರ್ ಸೇರಿಸ್ಕೋಬೇಕು. ಅದನ್ನ ಹೆಂಗೆ ಮಾಡೋದು ಅಂತ ಕ್ರಮವಾಗಿ ಬರೀತಿದೀನಿ, ಸ್ವಲ್ಪ ಉದ್ದ ಆಗತ್ತೆ, ಟೀ ಇಟ್ಕೊಂಡು ಕೂತ್ಕೊಳಿ.

ಮೊದ್ಲು ಫೈಲ್ ಎಲ್ಲೆಲ್ಲಿ ಓಡಾಡತ್ತೆ ಅಂತ ತಿಳ್ಕೊಳಿ

ಇದಕ್ಕೆಲ್ಲಾ ಮೂಲ 2006ರ ಸೆಪ್ಟೆಂಬರ್ 14ರ ಇಐಎ, ಅಂದ್ರೆ ಪರಿಸರದ ಮೇಲಾಗೋ ಪರಿಣಾಮದ ಅಧ್ಯಯನದ, ಅಧಿಸೂಚನೆ, ಪರಿಸರ ಸಂರಕ್ಷಣಾ ಕಾಯ್ದೆ 1986ರ ಕೆಳಗೆ ಹೊರಡಿಸಿದ್ದು, ಆಮೇಲೆ ಲೆಕ್ಕ ಇಲ್ದಷ್ಟು ತಿದ್ದುಪಡಿ ಆಗಿದೆ. ದೊಡ್ಡ ಪ್ರಾಜೆಕ್ಟ್ 'ಎ' ಕೆಟಗರಿ, ಅದು ದಿಲ್ಲಿಗೆ ಹೋಗತ್ತೆ, ಅಲ್ಲಿ ಇಎಸಿ ಅನ್ನೋ ತಜ್ಞರ ಸಮಿತಿ ನೋಡಿ ಶಿಫಾರಸು ಮಾಡತ್ತೆ, ಕೇಂದ್ರ ಪರಿಸರ ಸಚಿವಾಲಯ ಅನುಮತಿ ಕೊಡತ್ತೆ. 'ಬಿ' ಆದ್ರೆ ಬೆಂಗಳೂರಲ್ಲೇ, ಎಸ್‌ಇಎಸಿ ಅನ್ನೋ ರಾಜ್ಯದ ತಜ್ಞರ ಸಮಿತಿ ನೋಡತ್ತೆ, ಎಸ್‌ಇಐಎಎ ಅನ್ನೋ ಪ್ರಾಧಿಕಾರ ಅನುಮತಿ ಕೊಡತ್ತೆ. 'ಬಿ'ಯಲ್ಲೂ ಬಿ1, ಬಿ2 ಅಂತಿದೆ, ಬಿ2 ಆದ್ರೆ ಇಐಎ ವರದಿನೂ ಇಲ್ಲ ಹಿಯರಿಂಗೂ ಇಲ್ಲ. ಅದಕ್ಕೇ ಕೆಲವ್ರು ಪ್ರಾಜೆಕ್ಟನ್ನ ತುಂಡು ತುಂಡು ಮಾಡಿ ಚಿಕ್ಕದು ಅಂತ ತೋರಿಸ್ತಾರೆ, ಅಕ್ಕಪಕ್ಕದಲ್ಲಿ ಅದೇ ಜನರ ಇನ್ನೊಂದು ಅರ್ಜಿ ಇದ್ಯಾ ಅಂತ ನೋಡೋದು ಮರೀಬೇಡಿ.

ಪ್ರಾಜೆಕ್ಟಿನವರು ಮೊದ್ಲು ಫಾರ್ಮ್ 1 ತುಂಬ್ತಾರೆ, ಕಮಿಟಿ ಟರ್ಮ್ಸ್ ಆಫ್ ರೆಫರೆನ್ಸ್ ಅಂದ್ರೆ ಟಿಓಆರ್ ಕೊಡತ್ತೆ (ಏನೇನು ಅಧ್ಯಯನ ಮಾಡ್ಬೇಕು ಅನ್ನೋ ಪಟ್ಟಿ), ಕನ್ಸಲ್ಟೆಂಟ್ ಡ್ರಾಫ್ಟ್ ಇಐಎ ವರದಿ ಬರೀತಾರೆ, ಹಿಯರಿಂಗ್ ಆಗತ್ತೆ, ಅಲ್ಲಿ ಬಂದ ಆಕ್ಷೇಪಣೆಗೆ ಉತ್ತರ ಸೇರಿಸಿ ಫೈನಲ್ ವರದಿ ಹೋಗತ್ತೆ, ಕಮಿಟಿ ಕೂತು ಶಿಫಾರಸು ಮಾಡತ್ತೆ. ಈ ಫಾರ್ಮ್ 1, ಟಿಓಆರ್, ವರದಿ, ಮೀಟಿಂಗ್ ಮಿನಿಟ್ಸ್ ಎಲ್ಲಾ ಪರಿವೇಶ್ ಪೋರ್ಟಲ್ಲಲ್ಲಿ (parivesh.nic.in) ಹುಡುಕಿದ್ರೆ ಸಿಗತ್ತೆ. ಸಿಕ್ಕ ದಿನಾನೇ ಡೌನ್‌ಲೋಡ್ ಮಾಡಿ ಇಟ್ಕೊಳಿ, ನಾಳೆ ನೋಡಣ ಅಂದ್ರೆ ಲಿಂಕ್ ಓಪನ್ ಆಗ್ದೇ ಇರಬಹುದು, ನನಗೆ ಎರಡು ಸಲ ಹಂಗಾಗಿದೆ.

ನೋಟಿಸ್ ಬಂದ ದಿನ

ಹಿಯರಿಂಗ್ ನಡೆಸೋದು ಮಾಲಿನ್ಯ ನಿಯಂತ್ರಣ ಮಂಡಳಿ, ಅಧ್ಯಕ್ಷತೆ ಡಿಸಿದು, ಅವರು ಬರದಿದ್ರೆ ಎಡಿಸಿ ದರ್ಜೆಗಿಂತ ಕಮ್ಮಿ ಇಲ್ಲದ ಅಧಿಕಾರಿ ಬರ್ಬೇಕು. ತಹಸೀಲ್ದಾರ್ ಕೂತ್ಕೊಂಡು ಹಿಯರಿಂಗ್ ನಡೆಸಿದ್ರೆ ಅದು ನಿಯಮದ ಪ್ರಕಾರ ಹಿಯರಿಂಗೇ ಅಲ್ಲ. ಮಂಡಳಿ ಒಂದು ರಾಷ್ಟ್ರಮಟ್ಟದ ಪತ್ರಿಕೆ, ಒಂದು ಕನ್ನಡ ಪತ್ರಿಕೇಲಿ ಜಾಹೀರಾತು ಕೊಡ್ಬೇಕು, ಜನ ಆಕ್ಷೇಪಣೆ ಕೊಡೋಕೆ ಕನಿಷ್ಠ 30 ದಿನ ಇರ್ಬೇಕು. ಪೇಪರ್ ಬರದೇ ಇರೋ ಊರಾದ್ರೆ ಡಂಗುರ ಹೊಡೆಸೋದು, ರೇಡಿಯೋಲಿ ಹೇಳಿಸೋದು ಅಂತಾನೂ ಅಧಿಸೂಚನೇಲೇ ಇದೆ.

ಹಂಗಾಗಿ ಮೊದಲ ಕೆಲಸ ಆ ಜಾಹೀರಾತು ಬಂದ ಪೇಪರ್‌ನ ಇಡೀ ಪುಟ ಎತ್ತಿಟ್ಕೊಳೋದು. ಜಾಹೀರಾತಿನ ತುಂಡು ಮಾತ್ರ ಕತ್ತರಿಸಿ ಇಟ್ಕೋಬೇಡಿ, ಮೇಲೆ ದಿನಾಂಕ, ಯಾವ ಜಿಲ್ಲೆ ಎಡಿಷನ್ ಅಂತ ಕಾಣೋ ಥರ ಇಡೀ ಪುಟ ಬೇಕು. ಒಂದು ಸಲ ನಮ್ಮ ಜಿಲ್ಲೆ ಹಿಯರಿಂಗಿನ ಜಾಹೀರಾತು ಬೇರೆ ಜಿಲ್ಲೆ ಎಡಿಷನ್ನಲ್ಲಿ ಬಂದಿತ್ತು, ನಾವು ಕಟಿಂಗ್ ಮಾತ್ರ ಇಟ್ಕೊಂಡಿದ್ವಿ, ಎಡಿಷನ್ ಯಾವ್ದು ಅಂತ ತೋರಿಸೋಕೆ ಆಮೇಲೆ ಲೈಬ್ರರಿ ಲೈಬ್ರರಿ ಅಲೀಬೇಕಾಯ್ತು.

ಎರಡನೇದು, ಡ್ರಾಫ್ಟ್ ವರದಿ ನಿಜವಾಗ್ಲೂ ನೋಡೋಕೆ ಸಿಗತ್ತಾ ಅಂತ ಪರೀಕ್ಷೆ ಮಾಡಿ. ಡಿಸಿ ಆಫೀಸು, ಜಿಲ್ಲಾ ಪಂಚಾಯ್ತಿ, ಜಿಲ್ಲಾ ಕೈಗಾರಿಕಾ ಕೇಂದ್ರ, ಮಂಡಳಿಯ ಪ್ರಾದೇಶಿಕ ಕಚೇರಿ, ಸ್ಥಳೀಯ ಸಂಸ್ಥೆ, ಇಲ್ಲೆಲ್ಲಾ ಪ್ರತಿ ಇರ್ಬೇಕು, ಸಾರಾಂಶ ಕನ್ನಡದಲ್ಲೂ ಇರ್ಬೇಕು. ಗ್ರಾಮ ಪಂಚಾಯ್ತಿಗೆ ಹೋಗಿ ಪಿಡಿಒ ಹತ್ರ ಕೇಳಿ. "ಬಂದಿಲ್ಲ" ಅಂದ್ರೆ ಸುಮ್ನೆ ವಾಪಸ್ ಬರಬೇಡಿ, "ಇಂಥ ದಿನ ಇಷ್ಟು ಗಂಟೆಗೆ ಬಂದು ಕೇಳಿದೆ, ಪ್ರತಿ ಲಭ್ಯವಿಲ್ಲ ಎಂದು ತಿಳಿಸಿದರು" ಅಂತ ನಾಲ್ಕು ಸಾಲು ಬರೆದು ಅಲ್ಲೇ ಇನ್‌ವರ್ಡ್ ಸೀಲು ಹಾಕಿಸ್ಕೊಳಿ. ಸೀಲ್ ಹಾಕಲ್ಲ ಅಂದ್ರೆ ರಿಜಿಸ್ಟರ್ಡ್ ಪೋಸ್ಟಲ್ಲಿ ಅದೇ ಕಾಗದ ಡಿಸಿಗೂ ಮಂಡಳಿಗೂ ಕಳ್ಸಿ. ಹಿಯರಿಂಗ್ ಮುಗಿದ ಮೇಲೆ "ವರದಿ ಸಿಕ್ಕಿರಲಿಲ್ಲ" ಅಂದ್ರೆ ಯಾರೂ ನಂಬಲ್ಲ, ಮುಂಚೆನೇ ಹೇಳಿದ್ದು ಸೀಲ್ ಸಮೇತ ಇದ್ರೆ ಅದು ಬೇರೆ ಮಾತು.

ವರದಿ ಓದೋದು

ಆರುನೂರು ಪುಟದ ಇಂಗ್ಲಿಷ್ ವರದಿ ನೋಡಿದ್ರೆ ಕೈಕಾಲು ತಣ್ಣಗಾಗತ್ತೆ, ಆದ್ರೆ ಎಲ್ಲಾ ಓದ್ಬೇಕಿಲ್ಲ. ನಾನು ಮೊದ್ಲು ನೋಡೋದು ಸ್ಯಾಂಪಲ್ ತೆಗೆದ ದಿನಾಂಕ. ಗಾಳಿ, ನೀರು, ಶಬ್ದ ಅಳತೆ ಮಾಡಿದ್ದು ಯಾವ ತಿಂಗಳು, ಯಾವ ವರ್ಷ? ಮೂರು ವರ್ಷಕ್ಕಿಂತ ಹಳೇ ಮೂಲ ಡೇಟಾ ಇಟ್ಕೊಂಡು ಅರ್ಜಿ ಹಾಕಂಗಿಲ್ಲ ಅಂತ ಸಚಿವಾಲಯದ್ದೇ ಸೂಚನೆ ಇದೆ. ಎರಡನೇದು ಫಾರ್ಮ್ 1ರಲ್ಲಿ "ಇಲ್ಲ" ಅಂತ ಉತ್ತರ ಕೊಟ್ಟಿರೋ ಕಾಲಂಗಳು, ಅರಣ್ಯ ಇಲ್ಲ, ಕೆರೆ ಇಲ್ಲ, ಮರ ಇಲ್ಲ, ಸ್ಕೂಲ್ ಇಲ್ಲ, ಈ "ಇಲ್ಲ"ಗಳನ್ನ ಊರಿನ ನಕ್ಷೆ ಮುಂದಿಟ್ಕೊಂಡು ಒಂದೊಂದೇ ಚೆಕ್ ಮಾಡಿ, ಯಾಕಂದ್ರೆ ಬೇಕಂತ್ಲೇ ಮುಚ್ಚಿಟ್ಟಿದ್ರೆ ಅಥವಾ ಸುಳ್ಳು ಮಾಹಿತಿ ಕೊಟ್ಟಿದ್ರೆ ಅರ್ಜಿ ತಿರಸ್ಕರಿಸಬಹುದು, ಕೊಟ್ಟ ಅನುಮತಿನೂ ರದ್ದು ಮಾಡಬಹುದು ಅಂತ ಅಧಿಸೂಚನೆಯ 8ನೇ ಪ್ಯಾರಾದಲ್ಲೇ ಇದೆ. ಮೂರನೇದು, ಟಿಓಆರಲ್ಲಿ ಕೇಳಿದ ಒಂದೊಂದು ಅಧ್ಯಯನಾನೂ ವರದೀಲಿ ಇದ್ಯಾ ಅಂತ ಪಕ್ಕ ಪಕ್ಕ ಇಟ್ಟು ನೋಡೋದು. ಟಿಓಆರ್ ಅಂತರ್ಜಲ ಅಧ್ಯಯನ ಕೇಳಿರತ್ತೆ, ವರದೀಲಿ ಅಂತರ್ಜಲ ಅನ್ನೋ ತಲೆಬರಹದ ಕೆಳಗೆ ಇಡೀ ತಾಲ್ಲೂಕಿನ ಮಳೆ ಅಂಕಿಅಂಶ ಸುರಿದು ಮುಗಿಸಿರ್ತಾರೆ.

ಈ ಮೂರು ನೋಡಿದ್ರೆ ಸಾಕಾ ಅಂತ ಕೇಳ್ತೀರಾ? ಬೆಂಗಳೂರಿನ ಪೆರಿಫೆರಲ್ ರಿಂಗ್ ರೋಡ್ ಕೇಸ್ ನಿಂತಿದ್ದೇ ಇಂಥ ವಿಷಯಗಳ ಮೇಲೆ.

ಪಿಆರ್‌ಆರ್ ಕೇಸ್ ಬಿಡಿಸಿ ನೋಡೋಣ

ತುಮಕೂರು ರಸ್ತೆಯಿಂದ ಹೊಸೂರು ರಸ್ತೆ ತನಕ ಬೆಂಗಳೂರನ್ನ ಸುತ್ತಿ ಬರೋ ಸುಮಾರು 65 ಕಿಲೋಮೀಟರ್, ಎಂಟು ಲೇನ್ ರಸ್ತೆ, ಮಾಡಬೇಕಾಗಿದ್ದು ಬಿಡಿಎ. ಟಿಓಆರ್ ಸಿಕ್ಕಿದ್ದು 2009ರ ನವೆಂಬರಲ್ಲಿ. ಪರಿಸರದ ಮೂಲ ಡೇಟಾ ತಗೊಂಡಿದ್ದು 2009ರ ಡಿಸೆಂಬರಿಂದ 2010ರ ಫೆಬ್ರವರಿ ತನಕ. ಪರಿಸರ ಅನುಮತಿ ಸಿಕ್ಕಿದ್ದು 2014ರ ನವೆಂಬರಲ್ಲಿ. ಮಧ್ಯದ ನಾಲ್ಕೂ ಮುಕ್ಕಾಲು ವರ್ಷದಲ್ಲಿ ಬೆಂಗಳೂರಿನ ಅಂಚಲ್ಲಿ ಏನೇನು ಬದಲಾಗಿದೆ ಅಂತ ಆ ಕಡೆ ಒಂದು ಸೈಟ್ ತಗೊಂಡೋರನ್ನ ಕೇಳಿದ್ರೂ ಹೇಳ್ತಾರೆ.

ರಸ್ತೆ ಹಾದುಹೋಗೋ ಜಾಗದ ರೈತರು ಎನ್‌ಜಿಟಿಗೆ ಹೋದ್ರು. ಆಗ ಹೊರಗೆ ಬಂದ ವಿಷಯ ನೋಡಿ. ಕಡಿಯೋ ಮರ ಕೆಲವು ನೂರು ಅಂತ ಒಂದು ಕಡೆ, ಹದಿನಾರು ಸಾವಿರಕ್ಕೂ ಜಾಸ್ತಿ ಅಂತ ಇನ್ನೊಂದು ಕಡೆ. ಜಾರಕಬಂಡೆ ಕಾವಲ್ ಅರಣ್ಯದ ವಿಷಯ ಇತ್ತು, ತಿಪ್ಪಗೊಂಡನಹಳ್ಳಿ ಜಲಾಶಯದ ಜಲಾನಯನ ಪ್ರದೇಶದ ವಿಷಯ ಇತ್ತು, ರಸ್ತೆ ಹೋಗೋ ದಾರೀಲಿ ಪೆಟ್ರೋಲಿಯಂ ಪೈಪ್‌ಲೈನ್ ಇತ್ತು. ಯಾರೋ ದಿಲ್ಲಿಯಿಂದ ವಿಜ್ಞಾನಿ ಬಂದು ಕಂಡುಹಿಡಿದ ವಿಷಯ ಅಲ್ಲ ಇವು, ಅಲ್ಲೇ ಹೊಲ ಇದ್ದೋರಿಗೆ ಗೊತ್ತಿದ್ದಂಥವು.

ಎನ್‌ಜಿಟಿ 2019ರ ಫೆಬ್ರವರಿಯಲ್ಲಿ ಬಿಡಿಎಗೆ ವಿರುದ್ಧವಾಗಿ ಆದೇಶ ಕೊಡ್ತು. ಬಿಡಿಎ ಸುಪ್ರೀಂ ಕೋರ್ಟಿಗೆ ಹೋಯ್ತು. 2020ರ ಮಾರ್ಚ್ 17ಕ್ಕೆ ತೀರ್ಪು ಬಂತು, ಬಿಡಿಎ ವಿರುದ್ಧ ಸುಧಾಕರ್ ಹೆಗ್ಡೆ ಅಂತ ಕೇಸಿನ ಹೆಸರು, ಓದ್ಬೇಕು ಅನ್ನೋರು ಹುಡುಕಿ ಓದಿ. ಹಳೇ ಡೇಟಾ ಇಟ್ಕೊಂಡು ಅನುಮತಿ ಕೊಟ್ಟಿದ್ದು ಸರಿಯಲ್ಲ, ಮರ ಮತ್ತೆ ಅರಣ್ಯದ ವಿಷಯದಲ್ಲಿ ಇದ್ದ ವೈರುಧ್ಯಗಳನ್ನ ಎಸ್‌ಇಎಸಿ ಆಗ್ಲಿ ಎಸ್‌ಇಐಎಎ ಆಗ್ಲಿ ತಲೆ ಕೊಟ್ಟು ನೋಡಿಲ್ಲ ಅಂತ ಕೋರ್ಟ್ ಹೇಳಿ, ಹೊಸದಾಗಿ ಇಐಎ ಮಾಡಿ ಅಂತ ಬಿಡಿಎಗೆ ಆದೇಶ ಕೊಡ್ತು.

ಗಮನಿಸಿ, ರಸ್ತೆ ಬೇಡ ಅಂತ ಕೋರ್ಟ್ ಎಲ್ಲೂ ಹೇಳ್ಲಿಲ್ಲ. ಮತ್ತೆ ಅಧ್ಯಯನ ಮಾಡ್ಕೊಂಡು ಬನ್ನಿ ಅಂತು. "ಗೆದ್ವಿ" ಅಂತ ಪಟಾಕಿ ಹೊಡೆಯೋ ಮುಂಚೆ ಈ ವ್ಯತ್ಯಾಸ ಊರಿನವರಿಗೆ ಬಿಡಿಸಿ ಹೇಳ್ಬೇಕು, ಇಲ್ಲಾಂದ್ರೆ ಎರಡು ವರ್ಷ ಬಿಟ್ಟು ಸರ್ವೆಯೋರು ಮತ್ತೆ ಬಂದಾಗ "ಕೋರ್ಟಲ್ಲಿ ಗೆದ್ದಿದ್ವಲ್ಲ, ಲಾಯರ್ ಮೋಸ ಮಾಡಿದ್ನಾ" ಅಂತ ಶುರುವಾಗತ್ತೆ.

ಆಕ್ಷೇಪಣೆ ಬರೆಯೋದು

"ಈ ಯೋಜನೆಯಿಂದ ಪರಿಸರ ಹಾಳಾಗುತ್ತದೆ, ಆದ್ದರಿಂದ ವಿರೋಧಿಸುತ್ತೇವೆ" ಅಂತ ಒಂದೇ ಥರ ಜೆರಾಕ್ಸ್ ಮಾಡಿ ಮುನ್ನೂರು ಜನ ಸಹಿ ಹಾಕಿ ಕೊಡೋದು ಎಲ್ಲಾ ಕಡೆ ಮಾಡ್ತಾರೆ. ಪ್ರಾಜೆಕ್ಟಿನವರಿಗೆ ಅದಕ್ಕೆ ಉತ್ತರ ಬರೆಯೋಕೆ ಒಂದು ನಿಮಿಷ ಸಾಕು, "ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಅಂತ ಮುಗಿಸ್ತಾರೆ. ಹಿಯರಿಂಗ್ ಅಂದ್ರೆ ಓಟಿಂಗ್ ಅಲ್ಲ, ಕೋರಂ ಅಂತಾನೂ ಇಲ್ಲ, ಮುನ್ನೂರು ಜನ ವಿರೋಧ ಮಾಡಿದ್ರು ಅನ್ನೋ ಒಂದೇ ಕಾರಣಕ್ಕೆ ಅರ್ಜಿ ಬೀಳಲ್ಲ.

ಆ ಅಜ್ಜಿ ವಿಷಯಾನೇ ತಗೊಳಿ. ಅವರ ಮಾತನ್ನ ನಾವು ಮುಂಚೆನೇ ಹಿಂಗೆ ಬರೆದು ಕೊಟ್ಟಿದ್ರೆ ಕತೆ ಬೇರೆ ಆಗ್ತಿತ್ತು: "ಕರಡು ವರದಿಯ ಇಂಥ ಪುಟದ ಇಂಥ ಕೋಷ್ಟಕದಲ್ಲಿ 500 ಮೀಟರ್ ಒಳಗೆ 4 ಬಾವಿ ಮತ್ತು ಕೊಳವೆಬಾವಿ ಇವೆ ಎಂದಿದೆ. ವಾಸ್ತವದಲ್ಲಿ 23 ಇವೆ, ಸರ್ವೆ ನಂಬರ್ ಸಹಿತ ಪಟ್ಟಿ, ಫೋಟೊ ಮತ್ತು ವಿದ್ಯುತ್ ಆರ್‌ಆರ್ ನಂಬರ್ ಲಗತ್ತಿಸಿದೆ. ಉಳಿದ 19ನ್ನು ಏಕೆ ಬಿಟ್ಟಿದ್ದೀರಿ? ಗಣಿಯ ಆಳ ನೀರಿನ ಮಟ್ಟಕ್ಕಿಂತ ಮೇಲಿದೆ ಎಂದು ಹೇಳಲು ಯಾವ ಬಾವಿಯಲ್ಲಿ, ಯಾವ ತಿಂಗಳಲ್ಲಿ ಅಳತೆ ಮಾಡಿದ್ದೀರಿ?" ಇದಕ್ಕೆ ಸೂಕ್ತ ಕ್ರಮ ಅಂತ ಉತ್ತರ ಬರೆದ್ರೆ ಅದು ಉತ್ತರ ಅಲ್ಲ ಅಂತ ಯಾರು ಓದಿದ್ರೂ ಗೊತ್ತಾಗತ್ತೆ, ಫೈನಲ್ ವರದೀಲೂ ಅದೇ 4 ಬಾವಿ ಇದ್ರೆ, ಕಮಿಟಿ ಮಿನಿಟ್ಸಲ್ಲೂ ಅದರ ಬಗ್ಗೆ ಒಂದಕ್ಷರ ಇಲ್ದಿದ್ರೆ, ನಿಮ್ಮ ಅಪೀಲಿನ ಮೊದಲ ಪಾಯಿಂಟ್ ಅಲ್ಲೇ ರೆಡಿ ಆಯ್ತು.

ಒಂದು ಆಕ್ಷೇಪಣೇಲಿ ಒಂದೇ ವಿಷಯ ಇಡಿ. ಹತ್ತು ವಿಷಯ ಸೇರಿಸಿ ಬರೆದ್ರೆ ಸುಲಭವಾದ ಒಂದಕ್ಕೆ ಉತ್ತರ ಕೊಟ್ಟು ಉಳಿದಿದ್ದು ಬಿಟ್ಬಿಡ್ತಾರೆ. ಹಿಯರಿಂಗಿಗೆ ಮುಂಚೆನೇ ಮಂಡಳಿಗೆ ಕೊಟ್ಟು ಸೀಲ್ ತಗೊಳಿ. ಊರಲ್ಲಿಲ್ಲದೇ ಬೆಂಗಳೂರು ಮುಂಬೈ ಅಂತ ಇರೋರೂ ಲಿಖಿತವಾಗಿ ಕಳಿಸಬಹುದು, ಸಭೇಲಿ ಹೇಳೋದು ಸ್ಥಳೀಯವಾಗಿ ತೊಂದರೆಗೆ ಒಳಗಾಗೋರಿಗೆ ಅಂತ, ಕಾಗದ ಬರೆಯೋದು ಆ ವಿಷಯದಲ್ಲಿ ಕಾಳಜಿ ಇರೋ ಬೇರೆಯವರಿಗೂ ಅಂತ ಅಧಿಸೂಚನೇಲೇ ಎರಡು ದಾರಿ ಇಟ್ಟಿದಾರೆ.

ಸಭೆ ದಿನ

ವಿಡಿಯೋ ಮಾಡಿಸೋದು ಮಂಡಳಿ ಕೆಲಸ, ಆದ್ರೂ ನಿಮ್ಮ ಕಡೆಯಿಂದ ಇಬ್ರು ಮೊಬೈಲಲ್ಲಿ ಶುರುವಿಂದ ಕೊನೇ ತನಕ ರೆಕಾರ್ಡ್ ಮಾಡ್ಲಿ, ಪವರ್ ಬ್ಯಾಂಕ್ ಇಟ್ಕೊಳಿ. ಬಂದೋರ ಹೆಸರು ವಿಳಾಸ ಬರ್ಕೊಳೋ ಪುಸ್ತಕದಲ್ಲಿ ಸಹಿ ಮಾಡೋ ಮುಂಚೆ ಪುಟದ ಮೇಲೆ ಏನ್ ಬರೆದಿದಾರೆ ಓದಿ. ಒಂದು ಕಡೆ ಊಟದ ಟೋಕನ್ ಪಟ್ಟಿ ಅಂತ ಸಹಿ ಹಾಕಿಸ್ಕೊಂಡು ಆಮೇಲೆ ಅದನ್ನೇ "ಯೋಜನೆಗೆ ಬೆಂಬಲ ಸೂಚಿಸಿದವರು" ಅಂತ ಲಗತ್ತಿಸಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ.

ಮಾತಾಡುವಾಗ "ನನ್ನ ಲಿಖಿತ ಆಕ್ಷೇಪಣೆ ಇಂಥ ದಿನಾಂಕದ್ದು, ಅದಕ್ಕೆ ಈಗ ಉತ್ತರ ಬೇಕು" ಅಂತ ಶುರು ಮಾಡಿ. ಬಂದ ಪ್ರತಿಯೊಬ್ಬರಿಗೂ ಮಾಹಿತಿ ಕೇಳೋಕೆ ಅವಕಾಶ ಕೊಡ್ಬೇಕು ಅಂತ ನಿಯಮ ಇದೆ, ಟೈಮ್ ಆಯ್ತು ಅಂತ ಮೈಕ್ ಆಫ್ ಮಾಡಿದ್ರೆ ಇನ್ನೂ ಎಷ್ಟು ಜನ ಬಾಕಿ ಇದಾರೆ ಅಂತ ಹೆಸರು ಸಮೇತ ಅಲ್ಲೇ ಬರೆದು ಡಿಸಿ ಕೈಗೆ ಕೊಡಿ.

ಆಮೇಲೆ ಎಲ್ಲರೂ ಎದ್ದು ಊಟಕ್ಕೆ ಹೋಗ್ತಾರಲ್ಲ, ಅದೇ ಮುಖ್ಯವಾದ ಹೊತ್ತು. ಸಭೆ ಮುಗೀತಿದ್ದಂಗೆ ನಡಾವಳಿ ಸಾರಾಂಶನ ಕನ್ನಡದಲ್ಲಿ ಓದಿ ಹೇಳ್ಬೇಕು, ಜನ ಒಪ್ಪಿದ ಮೇಲೆ ಡಿಸಿ ಅಥವಾ ಅವರ ಪ್ರತಿನಿಧಿ ಅವತ್ತೇ ಸಹಿ ಹಾಕ್ಬೇಕು. ಎಷ್ಟೋ ಕಡೆ ಇದು ನಡೆಯೋದೇ ಇಲ್ಲ. ನಿಮ್ಮಲ್ಲಿ ಐದಾರು ಜನ ಊಟ ಬಿಟ್ಟು ಅಲ್ಲೇ ಕೂತ್ಕೊಂಡು "ಸಾಹೇಬ್ರೆ, ನಡಾವಳಿ ಓದ್ಸಿ ಸರ್" ಅಂತ ಕೇಳಿ. ಅಜ್ಜಿ ಮಾತು ಒಂದೇ ಸಾಲಾಗಿದ್ದನ್ನ ಅವತ್ತೇ ಹಿಡಿದಿದ್ರೆ ತಿದ್ದಿಸಬಹುದಿತ್ತು, ನಾವು ಆ ಹೊತ್ತಲ್ಲಿ ಪಲಾವ್ ತಿಂತಿದ್ವಿ. ಓದ್ಲೇ ಇಲ್ಲ ಅಂದ್ರೆ ಮರುದಿನ ಬೆಳಿಗ್ಗೆನೇ ಅದನ್ನ ಬರೆದು ಡಿಸಿ, ಮಂಡಳಿ, ಎಸ್‌ಇಐಎಎ ಮೂರೂ ಕಡೆ ಕಳ್ಸಿ. ಹಂಗೇ ಆರ್‌ಟಿಐ ಹಾಕಿ, ನಡಾವಳಿ, ವಿಡಿಯೋ ಪ್ರತಿ, ಹಾಜರಿ ಪುಸ್ತಕ, ಬಂದ ಎಲ್ಲಾ ಲಿಖಿತ ಆಕ್ಷೇಪಣೆ ಕೇಳಿ, ಹತ್ತು ರೂಪಾಯಿ ಶುಲ್ಕ, 30 ದಿನ ಟೈಮ್.

ಸಭೇಲಿ ಸಣ್ಣಪುಟ್ಟ ಲೋಪ ಆಗಿದ್ರೆ ಎಲ್ಲಾ ರದ್ದಾಗತ್ತಾ? ಇಲ್ಲ. ಆ ಲೋಪದಿಂದ ಜನರಿಗೆ ಮಾತಾಡೋ ಅವಕಾಶವೇ ತಪ್ಪೋಯ್ತಾ ಅಂತ ನೋಡ್ತಾರೆ. ಛತ್ತೀಸ್‌ಗಢದ ರಾಯಗಢ ಜಿಲ್ಲೆಯ ಗಾರೆ ಕಲ್ಲಿದ್ದಲು ಗಣಿ ವಿಷಯದಲ್ಲಿ 2008ರ ಜನವರಿ 5ರಂದು ನಡೆದ ಹಿಯರಿಂಗಲ್ಲಿ ಗಲಾಟೆ, ಲಾಠಿಚಾರ್ಜ್ ಎಲ್ಲಾ ಆಗಿತ್ತು. ಇಲ್ಲಿ ಆಗಿರೋದು ಕಡೆಗಣಿಸಬಹುದಾದ ಒಂದೆರಡು ಲೋಪ ಅಲ್ಲ, ಹಿಯರಿಂಗಿನ ಅಣಕ ಅನ್ನೋ ಧಾಟಿಯಲ್ಲಿ ಹೇಳಿ 2012ರ ಏಪ್ರಿಲಲ್ಲಿ ಎನ್‌ಜಿಟಿ ಅನುಮತೀನೇ ರದ್ದು ಮಾಡ್ತು. ಕುರ್ಚಿ ಕಮ್ಮಿ ಇತ್ತು, ನೀರು ಕೊಡ್ಲಿಲ್ಲ ಅನ್ನೋದನ್ನ ಅಪೀಲಲ್ಲಿ ತುಂಬಿಸಿ ಒಳ್ಳೆ ಪಾಯಿಂಟ್‌ನ ಮುಳುಗಿಸ್ಬೇಡಿ.

ಕಮಿಟಿ ಮಿನಿಟ್ಸ್: ಕಾರಣ ಇದ್ಯಾ?

ಫೈನಲ್ ವರದಿ ಬಂದ ಮೇಲೆ 60 ದಿನದೊಳಗೆ ಕಮಿಟಿ ಪರಿಶೀಲನೆ ಮುಗಿಸ್ಬೇಕು, ಆಮೇಲೆ 45 ದಿನದೊಳಗೆ ಪ್ರಾಧಿಕಾರ ತೀರ್ಮಾನ ಮಾಡ್ಬೇಕು. ಈ ಟೈಮಲ್ಲಿ ಪೋರ್ಟಲ್ ನೋಡ್ತಿರಿ. ಮಿನಿಟ್ಸ್ ಓದುವಾಗ ನಿಮ್ಮ ಆಕ್ಷೇಪಣೆ ಅಲ್ಲಿದ್ಯಾ, ಅದನ್ನ ಯಾಕೆ ಒಪ್ಲಿಲ್ಲ ಅಂತ ಬರೆದಿದಾರಾ ಅಂತ ನೋಡಿ. "ಸಮಿತಿಯು ಚರ್ಚಿಸಿ ಶಿಫಾರಸು ಮಾಡಿತು" ಅನ್ನೋದು ಕಾರಣ ಅಲ್ಲ. ಗೋವಾದ ಗಣಿಗೆ ಸಂಬಂಧಪಟ್ಟ ಉತ್ಕರ್ಷ್ ಮಂಡಲ್ ಕೇಸಲ್ಲಿ 2009ರಲ್ಲೇ ದಿಲ್ಲಿ ಹೈಕೋರ್ಟ್ ಹೇಳಿದ್ದು ಇದನ್ನೇ, ಹಿಯರಿಂಗಲ್ಲಿ ಬಂದ ಆಕ್ಷೇಪಣೆಗಳನ್ನ ತಜ್ಞರ ಸಮಿತಿ ಪರಿಗಣಿಸಿ ಕಾರಣ ಕೊಡ್ಬೇಕು, ಅದು ಅವರ ಮೀಟಿಂಗ್ ನಡಾವಳೀಲಿ ಕಾಣ್ಬೇಕು ಅಂತ.

ಗೋವಾದ್ದೇ ಇನ್ನೊಂದು, ಮೋಪ ಏರ್‌ಪೋರ್ಟ್. ಅದಕ್ಕೆ 2015ರಲ್ಲಿ ಅನುಮತಿ ಸಿಕ್ಕಿತ್ತು. 2019ರ ಮಾರ್ಚ್ 29ರಂದು ಸುಪ್ರೀಂ ಕೋರ್ಟ್, ಫಾರ್ಮ್ 1ರಲ್ಲಿ ಹೇಳಬೇಕಾದ್ದನ್ನ ಹೇಳಿಲ್ಲ, ಇಎಸಿ ಕಾರಣ ಬರೆದಿಲ್ಲ, ಎನ್‌ಜಿಟಿ ಕೂಡ ಆಳಕ್ಕಿಳಿದು ನೋಡಿಲ್ಲ ಅಂತ ಹೇಳಿ ಅನುಮತಿನ ಅಮಾನತಲ್ಲಿಟ್ಟು ಇಎಸಿಗೆ ಮತ್ತೆ ನೋಡಿ ಅಂತ ಕಳಿಸ್ತು. ಇಎಸಿ ಮತ್ತೆ ಕೂತು ಹೆಚ್ಚುವರಿ ಷರತ್ತು ಹಾಕಿ ಸರಿ ಅಂತು, 2020ರ ಜನವರಿಯಲ್ಲಿ ಕೋರ್ಟ್ ಅಮಾನತು ತೆಗೀತು, 2023ರ ಜನವರಿಯಿಂದ ಅಲ್ಲಿ ವಿಮಾನ ಹಾರ್ತಿದೆ. ಇದನ್ನ ನಿರಾಸೆ ಮಾಡೋಕೆ ಹೇಳ್ತಿಲ್ಲ, ವಾಪಸ್ ಹೋದ ಫೈಲಿಗೆ ಹೊಸ ಷರತ್ತು ಸೇರೋದೂ ಒಂದು ಫಲವೇ, ನಿಮ್ಮೂರಿಗೆ ಅದು ಸಾಕಾ ಅಂತ ಮೊದ್ಲೇ ಕೂತು ಮಾತಾಡ್ಕೊಳಿ.

ಮುನ್ನೆಚ್ಚರಿಕೆ ತತ್ವ ಎಲ್ಲಿ ಕೆಲಸ ಮಾಡತ್ತೆ

ಪ್ರಿಕಾಷನರಿ ಪ್ರಿನ್ಸಿಪಲ್ ಅಂತಾರೆ, ಎಲ್ಲಾ ಅಪೀಲಲ್ಲೂ ಇರತ್ತೆ, ಮುಕ್ಕಾಲು ಪಾಲು ಸುಮ್ನೆ ಅಲಂಕಾರಕ್ಕೆ. 1996ರ ವೆಲ್ಲೂರು ಕೇಸಲ್ಲಿ, ಅದು ತಮಿಳುನಾಡಿನ ಚರ್ಮ ಹದ ಮಾಡೋ ಕಾರ್ಖಾನೆಗಳ ವಿಷಯ, ಸುಪ್ರೀಂ ಕೋರ್ಟ್ ಇದನ್ನ ನಮ್ಮ ಕಾನೂನಿನ ಭಾಗ ಅಂತ ಹೇಳ್ತು. ಗಂಭೀರವಾದ, ಸರಿಮಾಡೋಕಾಗದ ಹಾನಿ ಆಗೋ ಭಯ ಇದ್ರೆ, ವೈಜ್ಞಾನಿಕವಾಗಿ ಪಕ್ಕಾ ಗೊತ್ತಿಲ್ಲ ಅನ್ನೋ ನೆಪ ಹೇಳಿ ತಡೆಯೋ ಕ್ರಮನ ಮುಂದಕ್ಕೆ ಹಾಕೋ ಹಂಗಿಲ್ಲ, ಹಾನಿ ಆಗಲ್ಲ ಅಂತ ತೋರಿಸೋ ಹೊಣೆ ಯೋಜನೆ ಮಾಡೋರ ಮೇಲೆ. ಎನ್‌ಜಿಟಿ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಟ್ರಿಬ್ಯೂನಲ್ ಇದನ್ನ ಅನ್ವಯಿಸಲೇಬೇಕು.

ಆದ್ರೆ "ನಮಗೆ ಭಯ ಆಗ್ತಿದೆ" ಅಂದ್ರೆ ಈ ತತ್ವ ಎದ್ದು ಬರಲ್ಲ. 2000ದ ನರ್ಮದಾ ತೀರ್ಪಲ್ಲಿ ಬಹುಮತದ ನ್ಯಾಯಮೂರ್ತಿಗಳು, ಹಾನಿ ಎಷ್ಟು ಅಂತ ಗೊತ್ತಿಲ್ಲದ ಮಾಲಿನ್ಯದ ಯೋಜನೆಗಳಿಗೆ ಇದು, ಪರಿಣಾಮ ಗೊತ್ತಿರೋ ಕಡೆ ಅದನ್ನ ಕಮ್ಮಿ ಮಾಡೋ ಕ್ರಮ ತಗೊಂಡ್ರೆ ಸಾಕು ಅಂತ ಬೇರೆ ಮಾಡಿ ಹೇಳಿದ್ರು. ಅಂದ್ರೆ ನೀವು ತೋರಿಸಬೇಕಾದ್ದು ಎರಡು, ಒಂದು ಹಾನಿಯ ಗಟ್ಟಿ ಸುಳಿವು, ಇನ್ನೊಂದು ಆ ವಿಷಯದಲ್ಲಿ ವರದೀಲಿರೋ ಖಾಲಿ ಜಾಗ. ಅಜ್ಜಿ ಬೋರಲ್ಲಿ ನೀರು ಕಮ್ಮಿಯಾಗಿದ್ದು ಸುಳಿವು, 23ರಲ್ಲಿ 19 ಬಾವಿ ಅಳೀದೇ ಇದ್ದದ್ದು ಖಾಲಿ ಜಾಗ. ಈ ಎರಡನ್ನ ಪಕ್ಕಪಕ್ಕ ಇಟ್ಟಾಗ ಮಾತ್ರ "ಸರಿ, ನೀರಿಗೆ ತೊಂದ್ರೆ ಆಗಲ್ಲ ಅಂತ ನೀವೇ ತೋರ್ಸಿ" ಅಂತ ಆ ಕಡೆಯವರ ಕಡೆ ಟ್ರಿಬ್ಯೂನಲ್ ತಿರುಗತ್ತೆ.

ಅಪೀಲು, ಮತ್ತೆ ಕ್ಯಾಲೆಂಡರ್

ಅನುಮತಿ ಕೊಟ್ಟ ಆದೇಶದ ಮೇಲೆ ಎನ್‌ಜಿಟಿಗೆ ಅಪೀಲ್, ಸೆಕ್ಷನ್ 16, ಆದೇಶ ತಿಳಿಸಿದ ದಿನದಿಂದ 30 ದಿನ. ಸರಿಯಾದ ಕಾರಣ ಕೊಟ್ರೆ ಇನ್ನೂ 60 ದಿನ ಸಿಗಬಹುದು. 91ನೇ ದಿನ ಹೋದ್ರೆ ಎಷ್ಟೇ ಒಳ್ಳೆ ಕೇಸಾದ್ರೂ ಬಾಗಿಲು ಮುಚ್ಚಿರತ್ತೆ, ನನಗೆ ಗೊತ್ತಿರೋ ಊರೊಂದು ಇದೇ ಕಾರಣಕ್ಕೆ ಸೋತಿದೆ. ಯಾವ ದಿನದಿಂದ ಎಣಿಸೋದು ಅನ್ನೋದೇ ಜಗಳದ ವಿಷಯ, ಯಾಕಂದ್ರೆ ಆದೇಶನ ವೆಬ್‌ಸೈಟಲ್ಲಿ ಹಾಕ್ತಾರೆ, ಪೇಪರಲ್ಲಿ ಜಾಹೀರಾತು ಕೊಡ್ತಾರೆ, ಪಂಚಾಯ್ತಿಗೂ ಪ್ರತಿ ಹೋಗತ್ತೆ. ಎಲ್ಲಕ್ಕಿಂತ ಮೊದಲು ಯಾವುದಾಯ್ತೋ ಆ ದಿನಾನೇ ಲೆಕ್ಕ ಅಂದ್ಕೊಂಡು ಕ್ಯಾಲೆಂಡರಲ್ಲಿ ಗೆರೆ ಹಾಕಿ, ಪಂಚಾಯ್ತಿ ಪ್ರತಿ ಬರ್ಲಿ ಅಂತ ಕಾಯ್ಬೇಡಿ.

ಕರ್ನಾಟಕಕ್ಕೆ ಚೆನ್ನೈನ ದಕ್ಷಿಣ ಪೀಠ. ಪರಿಹಾರದ ಹಣ ಕೇಳದಿದ್ರೆ ಶುಲ್ಕ 1000 ರೂಪಾಯಿ, ಆನ್‌ಲೈನಲ್ಲೇ ಫೈಲ್ ಮಾಡಬಹುದು. ಕನ್ನಡದ ಕಾಗದಗಳಿಗೆಲ್ಲಾ ಇಂಗ್ಲಿಷ್ ಅನುವಾದ ಬೇಕು, ಇದಕ್ಕೇ ಹತ್ತು ದಿನ ಹಿಡಿಯತ್ತೆ, ಹಂಗಾಗಿ ಹಿಯರಿಂಗ್ ಮುಗಿದ ವಾರದಿಂದ್ಲೇ ಊರಿನ ಯಾರಾದ್ರೂ ಮೇಷ್ಟ್ರನ್ನ ಹಿಡಿದು ಶುರು ಮಾಡಿಸಿ. ಎನ್‌ಜಿಟಿ ಇದೆ ಅಂತ ಹೈಕೋರ್ಟಿನ ರಿಟ್ ಅಧಿಕಾರ ಹೋಗಿಲ್ಲ, ಆದ್ರೆ ಮೊದ್ಲು ಟ್ರಿಬ್ಯೂನಲ್‌ಗೆ ಯಾಕೆ ಹೋಗಿಲ್ಲ ಅಂತ ಹೈಕೋರ್ಟ್ ಕೇಳೇ ಕೇಳತ್ತೆ. ತಜ್ಞರ ಅಭಿಪ್ರಾಯದ ಒಳಹೊಕ್ಕು ನೋಡೋಕೆ ಹೈಕೋರ್ಟ್ ಹಿಂಜರಿಯತ್ತೆ, ಎನ್‌ಜಿಟೀಲಿ ನ್ಯಾಯಾಧೀಶರ ಜೊತೆ ತಜ್ಞ ಸದಸ್ಯರೂ ಕೂತಿರ್ತಾರೆ, ಬಾವಿ ಲೆಕ್ಕ, ಡೇಟಾ ದಿನಾಂಕದಂಥ ವಿಷಯಕ್ಕೆ ಅಲ್ಲೇ ಸರಿ. ಎನ್‌ಜಿಟಿ ಆದೇಶದ ಮೇಲೆ ಸುಪ್ರೀಂ ಕೋರ್ಟಿಗೆ 90 ದಿನ.

ಅಪೀಲ್ ಬರೆಯುವಾಗ ಪಾಯಿಂಟು ಮೂರೋ ನಾಲ್ಕೋ ಇರ್ಲಿ, ಒಂದೊಂದಕ್ಕೂ ನಾಲ್ಕು ಕಾಗದ ಸಾಲಾಗಿ ಬರ್ಲಿ: ವರದಿಯ ಪುಟ, ಅದು ತಪ್ಪು ಅಂತ ತೋರಿಸೋ ನಿಮ್ಮ ದಾಖಲೆ, ನೀವು ಆಗ್ಲೇ ಹೇಳಿದ್ರಿ ಅನ್ನೋ ಸೀಲ್ ಇರೋ ಆಕ್ಷೇಪಣೆ, ಕಮಿಟಿ ಅದರ ಬಗ್ಗೆ ಸುಮ್ನಿದ್ದ ಮಿನಿಟ್ಸ್.

ನಮ್ಮ ಕ್ಲಸ್ಟರ್ ಗಣಿಗೆ ಕೊನೆಗೆ ಅನುಮತಿ ಸಿಕ್ತು, ನಾವು ಅಪೀಲಿಗೆ ಹೋಗ್ಲಿಲ್ಲ, ಕೈಲಿ ಕಾಗದಾನೇ ಇರ್ಲಿಲ್ಲ. ಈಗ ಮಾಡ್ತಿರೋದು ಇಷ್ಟು, ಅನುಮತಿ ಪಡೆದೋರು ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತೆ ಡಿಸೆಂಬರ್ 1ಕ್ಕೆ, ಷರತ್ತು ಪಾಲಿಸಿದ ವರದಿ ಕೊಡ್ಬೇಕು, ಅದನ್ನ ತರಿಸ್ಕೊಂಡು ಅಜ್ಜಿ ಬೋರಿನ ನೀರಿನ ಮಟ್ಟ ಏನಂತ ಬರೆದಿದಾರೆ ಅಂತ ನೋಡ್ತೀವಿ, ಅಜ್ಜಿ ಮೊಮ್ಮಗ ತಿಂಗಳಿಗೊಂದ್ ಸಲ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ ಅಳ್ದು ನೋಟ್‌ಬುಕ್ಕಲ್ಲಿ ಬರ್ದಿಡ್ತಾನೆ, ಎರಡನ್ನೂ ಪಕ್ಕಪಕ್ಕ ಇಟ್ಟು ಫೋಟೊ ತೆಗೆದು ಮಂಡಳಿಗೆ ಕಳಿಸ್ತೀವಿ, ಸೀಲ್ ಸಮೇತ.